ವಿಷಯ: ನಿಮ್ಮ ಸಪೋರ್ಟ್ ವ್ಯವಸ್ಥೆಗೆ ಯಾರೋ ನುಗ್ಗಿದ ಪ್ರಕರಣ – ನಮ್ಮ ಡೇಟಾ ಬಗ್ಗೆ ವಿವರ ಮತ್ತು ಲಾಗ್‌ಗಳನ್ನು ಕೋರಿ

ಹುಬ್ಬಳ್ಳಿ
ಮಾರ್ಚ್ 9, 2026, ಸೋಮವಾರ

ಗೆ,
ಸುರಕ್ಷತಾ ವಿಭಾಗದ ಮುಖ್ಯಸ್ಥರು
(ಪ್ರತಿ: ಕಾನೂನು ವಿಭಾಗ ಮತ್ತು ನಮ್ಮ ಅಕೌಂಟ್ ಮ್ಯಾನೇಜರ್, ಬೆಂಗಳೂರು ಕಚೇರಿ)

ಮಾನ್ಯರೇ,

ಮೊದಲು ತುರ್ತಿನ ಮಾತು. ನಮ್ಮ ಪ್ಲಾನಿನಲ್ಲಿ ಲಾಗ್‌ಗಳು 30 ದಿನ ಮಾತ್ರ ಉಳಿಯುತ್ತವೆ ಎಂದು ನಿಮ್ಮ ಕನ್ಸೋಲ್ ಹೇಳುತ್ತದೆ. ಕಳ್ಳರು ಒಳಗಿದ್ದದ್ದು ಫೆಬ್ರವರಿ 11ರಿಂದ 19ರವರೆಗೆ ಎಂದು ನಿಮ್ಮದೇ ಇಮೇಲ್ ಹೇಳುತ್ತದೆ. ಲೆಕ್ಕ ಹಾಕಿದರೆ ಈ ಶುಕ್ರವಾರದಿಂದ, ಅಂದರೆ ಮಾರ್ಚ್ 13ರಿಂದ, ನಮಗೆ ಬೇಕಾದ ಲಾಗ್‌ಗಳೇ ಒಂದೊಂದಾಗಿ ಅಳಿಸಿಹೋಗುತ್ತವೆ. ಈ ಪತ್ರದ ಉಳಿದ ಭಾಗವನ್ನು ನಿಧಾನವಾಗಿ ಓದಿದರೂ ಪರವಾಗಿಲ್ಲ. ನಮ್ಮ ಖಾತೆಗೆ ಸೇರಿದ ಯಾವ ಲಾಗೂ ತಾನಾಗಿ ಅಳಿಯದಂತೆ ಇವತ್ತೇ ತಡೆ ಹಾಕಿ, ಹಾಕಿದ್ದೇವೆ ಎಂದು ಒಂದು ಸಾಲು ಬರೆದು ಕಳಿಸಿ. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಎಂದು ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲೇ ಹೇಳಿದೆ. ಹಾಗಾಗಿ ಕನ್ಸೋಲಿನಲ್ಲಿ ಕಾಣದಿದ್ದರೂ ನಿಮ್ಮ ಬಳಿ ಇರಲೇಬೇಕು ಎಂದುಕೊಂಡಿದ್ದೇವೆ. ಇದೆಯೋ ಇಲ್ಲವೋ ಅದನ್ನೂ ತಿಳಿಸಿ.

ನಾವು ಯಾರು ಎಂದು ನೆನಪಿಸುತ್ತೇನೆ. ಹುಬ್ಬಳ್ಳಿಯ ಒಂದು ಡಯಾಗ್ನೋಸ್ಟಿಕ್ ಲ್ಯಾಬ್, ಧಾರವಾಡ ಮತ್ತು ಗದಗಿನಲ್ಲಿ ಒಂದೊಂದು ಕಲೆಕ್ಷನ್ ಸೆಂಟರ್. 2021ರಿಂದ ಈಚೆಗಿನ ಸುಮಾರು 41,000 ರೋಗಿಗಳ ರಿಪೋರ್ಟುಗಳು ನಿಮ್ಮ ಸ್ಟೋರೇಜಿನಲ್ಲಿವೆ. ಹೆಸರು, ವಯಸ್ಸು, ಫೋನ್ ನಂಬರ್, ಬರೆದುಕೊಟ್ಟ ಡಾಕ್ಟರ ಹೆಸರು, ಫಲಿತಾಂಶ. ಅದರಲ್ಲಿ ಎಚ್‌ಐವಿ ಪರೀಕ್ಷೆಯೂ ಇದೆ, ಗರ್ಭದ ಪರೀಕ್ಷೆಯೂ ಇದೆ. ಎಚ್‌ಐವಿ ಮಾಹಿತಿಯ ಗುಟ್ಟು ಕಾಪಾಡಲು 2017ರಲ್ಲೇ ಪ್ರತ್ಯೇಕ ಕಾಯ್ದೆ ಬಂದಿದೆ. ಕಾಯ್ದೆ ಬದಿಗಿರಲಿ, ನಮ್ಮಂಥ ಊರಿನಲ್ಲಿ ಒಂದು ರಿಪೋರ್ಟ್ ಹೊರಬಿದ್ದರೆ ಆ ಮನೆಯವರು ಓಣಿಯಲ್ಲಿ ತಲೆ ಎತ್ತಿ ಓಡಾಡುವುದು ಕಷ್ಟ.

ನಿಮ್ಮ ಇಮೇಲ್ ಶುಕ್ರವಾರ ರಾತ್ರಿ 11:42ಕ್ಕೆ ಬಂದಿದೆ. ಬಂದದ್ದು ಬಿಲ್ ಬರುವ ವಿಳಾಸಕ್ಕೆ. ನಮ್ಮ ಅಕೌಂಟೆಂಟ್ ಶನಿವಾರ ಬೆಳಿಗ್ಗೆ 7:10ಕ್ಕೆ ಅದನ್ನು ನನಗೆ ಕಳಿಸಿ, ‘ಮೇಡಂ, ಇದು ಬಿಲ್ ಅಲ್ಲ ಅನಿಸುತ್ತೆ, ಒಮ್ಮೆ ನೋಡಿ’ ಎಂದು ಬರೆದಿದ್ದರು. ಸುರಕ್ಷತೆಯ ವಿಷಯಕ್ಕೆ ನನ್ನ ವಿಳಾಸ ಮತ್ತು ಮೊಬೈಲ್ ನಂಬರನ್ನು ಒಪ್ಪಂದದ ದಿನವೇ ಕೊಟ್ಟಿದ್ದೆವು. ನಾವು ಶನಿವಾರವೇ ಬೆಳಿಗ್ಗೆ 11:30ಕ್ಕೆ, ಆರು ಗಂಟೆಯ ಗಡುವಿನೊಳಗೆ, ಸರ್ಟ್-ಇನ್‌ಗೆ ವರದಿ ಮಾಡಿದೆವು. ನೀವು ಯಾವಾಗ ಮಾಡಿದಿರಿ?

ಇನ್ನು ನಮ್ಮ ಕಡೆಯ ತಪ್ಪು. ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಫೆಬ್ರವರಿ 2ರಂದು ಬ್ಯಾಕಪ್ ವಾಪಸ್ ತೆಗೆಯುವುದು ನಿಧಾನವಾಗಿದೆ ಎಂದು ಟಿಕೆಟ್ ಹಾಕಿದ್ದೆವು. ನಿಮ್ಮ ಎಂಜಿನಿಯರ್ ನೋಡಲು ಬೇಕು ಎಂದದ್ದಕ್ಕೆ support-ro ಎಂಬ ಓದಲು ಮಾತ್ರ ಅನುಮತಿ ಇರುವ ಬಳಕೆದಾರ ಖಾತೆ ಮಾಡಿ, ಅದರ ಕೀ ಇದ್ದ ಫೈಲನ್ನೇ ನಮ್ಮ ಹುಡುಗ ಟಿಕೆಟಿಗೆ ಅಂಟಿಸಿದ. 5ರಂದು ಟಿಕೆಟ್ ಮುಚ್ಚಿತು, ಕೀ ಮಾತ್ರ ಹಾಗೇ ಉಳಿಯಿತು. ಶನಿವಾರ ಬೆಳಿಗ್ಗೆ ಅದನ್ನು ರದ್ದು ಮಾಡಿ, ಉಳಿದ ಎಲ್ಲ ಕೀಗಳನ್ನೂ ಬದಲಿಸಿದ್ದೇವೆ.

ಆಮೇಲೆ ಲಾಗ್ ನೋಡಲು ಕೂತೆ. ನಮ್ಮ ಮೂರು ಬಕೆಟ್‌ಗಳ ಪೈಕಿ ಒಂದಕ್ಕೆ ಮಾತ್ರ ಪ್ರತಿ ಫೈಲಿನ ಓದನ್ನೂ ಬರೆದಿಡುವ ಲಾಗ್ ಆನ್ ಆಗಿತ್ತು. ಅದರಲ್ಲಿ ಇಂಥ 212 ಸಾಲುಗಳಿವೆ:

```
2026-02-13T20:47:09Z GetObject support-ro 203.0.113.47 reports/2024/06/118204.pdf 200
```

ಸಮಯ ಯುಟಿಸಿಯಲ್ಲಿದೆ. ನಮ್ಮ ಗಡಿಯಾರದಲ್ಲಿ ಅದು 14ರ ಶನಿವಾರ ನಸುಕಿನ 2:17. ಆ ಹೊತ್ತಿಗೆ ನಮ್ಮ ಲ್ಯಾಬಿನಲ್ಲಿ ಇರುವವರು ವಾಚ್‌ಮನ್ ಒಬ್ಬರೇ. ಟಿಕೆಟ್ ಮುಚ್ಚಿ ಒಂಬತ್ತು ದಿನವಾಗಿತ್ತು. ಆರು ನಿಮಿಷದಲ್ಲಿ 212 ಫೈಲು, ಎಲ್ಲಕ್ಕೂ 200, ಅಂದರೆ ಕೇಳಿದ್ದೆಲ್ಲ ಸಿಕ್ಕಿದೆ. ಇದು ನಿಮ್ಮ ಎಂಜಿನಿಯರ್ ಮಾಡಿದ ಕೆಲಸವೇ ಆಗಿದ್ದರೆ ಹೇಳಿಬಿಡಿ, ನಾನು ಇವತ್ತು ರಾತ್ರಿ ನಿದ್ದೆ ಮಾಡುತ್ತೇನೆ. ಆ ಐಪಿ ವಿಳಾಸ ನಿಮ್ಮದೋ ಅಲ್ಲವೋ ಎನ್ನುವುದಕ್ಕೆ ಐದು ನಿಮಿಷ ಸಾಕು, ಅಲ್ವಾ?

ನಿಮ್ಮ ಇಮೇಲಿನಲ್ಲಿ ‘ಗ್ರಾಹಕರ ಡೇಟಾ ನೋಡಿದ್ದಕ್ಕೆ ಪುರಾವೆ ಸಿಕ್ಕಿಲ್ಲ’ ಎಂದಿದೆ. ನಮ್ಮ ಮುಖ್ಯ ಪ್ರಶ್ನೆ ಇದೇ. ಲಾಗ್ ಇದ್ದು, ಹುಡುಕಿ, ಸಿಗಲಿಲ್ಲವೋ? ಅಥವಾ ಹುಡುಕಲು ಲಾಗೇ ಇರಲಿಲ್ಲವೋ? ಮೊದಲನೆಯದಾದರೆ ಏನನ್ನು, ಯಾವ ದಿನದಿಂದ ಯಾವ ದಿನದವರೆಗೆ ಹುಡುಕಿದಿರಿ ಎಂದು ಹೇಳಿ. ಎರಡನೆಯದಾದರೆ ಹಾಗೆಂದೇ ಬರೆಯಿರಿ, ಆಗ ನಾವು ಉಳಿದ ಎರಡು ಬಕೆಟ್‌ಗಳೂ ಹೋಗಿವೆ ಎಂದುಕೊಂಡೇ ಮುಂದಿನ ಹೆಜ್ಜೆ ಇಡುತ್ತೇವೆ. ‘ಕೆಲವೇ ಗ್ರಾಹಕರು’ ಎಂಬ ಮಾತೂ ನಮಗೆ ಸಮಾಧಾನ ಕೊಡುವುದಿಲ್ಲ. 2023ರಲ್ಲಿ ಓಕ್ಟಾದ ಸಪೋರ್ಟ್ ವ್ಯವಸ್ಥೆಗೆ ಹೀಗೇ ನುಗ್ಗಿದ್ದಾಗ ಮೊದಲು ಹೇಳಿದ್ದು 134 ಗ್ರಾಹಕರು, ಶೇಕಡಾ 1ಕ್ಕೂ ಕಡಿಮೆ ಎಂದು. ನವೆಂಬರ್ ಕೊನೆಗೆ, ಆ ವ್ಯವಸ್ಥೆ ಬಳಸುತ್ತಿದ್ದ ಹೆಚ್ಚುಕಡಿಮೆ ಎಲ್ಲ ಗ್ರಾಹಕರ ಹೆಸರು, ಇಮೇಲ್ ಹೋಗಿವೆ ಎಂದು ಅವರೇ ಹೇಳಬೇಕಾಯಿತು.

ಬುಧವಾರ ಮಾರ್ಚ್ 11ರ ಸಂಜೆ 5 ಗಂಟೆಯೊಳಗೆ ನಮಗೆ ಬೇಕಾದದ್ದು ಇಷ್ಟು. ಮೂರೂ ಬಕೆಟ್‌ಗಳ ಫೆಬ್ರವರಿ 1ರಿಂದ ಇವತ್ತಿನವರೆಗಿನ ಓದು, ಪಟ್ಟಿ ಮತ್ತು ನಕಲಿನ ಲಾಗ್. ಅದೇ ಅವಧಿಯ ಲಾಗಿನ್ ಮತ್ತು ಅನುಮತಿ ಬದಲಾವಣೆಯ ಲಾಗ್. ಫೆಬ್ರವರಿ 2ರ ಆ ಟಿಕೆಟನ್ನೂ ಅದಕ್ಕೆ ಅಂಟಿಸಿದ ಫೈಲನ್ನೂ ಯಾರು ಯಾರು, ಯಾವಾಗ ತೆರೆದರು ಎಂಬ ದಾಖಲೆ; ನಿಮ್ಮ ಸಿಬ್ಬಂದಿಯದ್ದೂ ಸೇರಿ. ಟಿಕೆಟ್ ವ್ಯವಸ್ಥೆ ಬೇರೆ ಕಂಪನಿಯದ್ದಾದರೆ, ಅವರ ಲಾಗ್ ತರಿಸಿಕೊಡುವುದು ನಿಮ್ಮ ಕೆಲಸ.

ಸ್ಕ್ರೀನ್‌ಶಾಟ್ ಬೇಡ, ಪಿಡಿಎಫ್ ಬೇಡ. ಮೂಲ ಲಾಗನ್ನೇ JSON ರೂಪದಲ್ಲಿ, ಪ್ರತಿ ಫೈಲಿನ SHA-256 ಸಮೇತ ಕೊಡಿ. ಸಮಯ ಯಾವ ವಲಯದ್ದು ಎಂದು ಬರೆದಿರಲಿ. ಇಮೇಲಿಗೆ ಅಂಟಿಸಬೇಡಿ, ಆ ಟಿಕೆಟಿಗಂತೂ ಬೇಡವೇ ಬೇಡ. ನಮ್ಮ SFTP ವಿಳಾಸವನ್ನು ಫೋನಿನಲ್ಲಿ ಹೇಳುತ್ತೇನೆ.

ಎನ್‌ಕ್ರಿಪ್ಶನ್ ಬಗ್ಗೆ ಒಂದು ಮಾತು. ಡಿಸ್ಕಿನಲ್ಲಿ ಎಲ್ಲ ಎನ್‌ಕ್ರಿಪ್ಟ್ ಆಗಿದೆ ಎಂಬ ಉತ್ತರ ಬರುತ್ತದೆ ಎಂದು ಗೊತ್ತು. ಆದರೆ ಅದರ ಬೀಗದ ಕೈ ನಿಮ್ಮಲ್ಲೇ ಇದೆ. ಸರಿಯಾದ ಕೀ ಹಿಡಿದು ಬಂದವರಿಗೆಲ್ಲ ನಿಮ್ಮ ವ್ಯವಸ್ಥೆಯೇ ಬಿಚ್ಚಿ ಕೊಡುತ್ತದೆ. ಆದ್ದರಿಂದ ಕೀ ಬಳಕೆಯ ಲಾಗೂ ಬೇಕು.

2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ ರೋಗಿಗಳಿಗೆ ಉತ್ತರ ಕೊಡಬೇಕಾದವರು ನಾವು. ಡೇಟಾ ನಿಮ್ಮಲ್ಲಿತ್ತು ಎಂದು ಕೈತೊಳೆದುಕೊಳ್ಳಲು ಬರುವುದಿಲ್ಲ. ಆ 212 ರಿಪೋರ್ಟುಗಳು ಯಾರ್ಯಾರದ್ದು ಎಂಬ ಪಟ್ಟಿ ಮಾಡಿದ್ದೇವೆ. ಗುರುವಾರ ಬೆಳಿಗ್ಗೆಯಿಂದ ಅವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತೇವೆ. ನಿಮ್ಮ ಉತ್ತರ ಅಷ್ಟರಲ್ಲಿ ಬಂದರೆ ಅವರಿಗೆ ಸರಿಯಾದ ವಿಷಯ ಹೇಳಬಹುದು. ಬರದಿದ್ದರೆ, ಕ್ಲೌಡ್ ಕಂಪನಿಯಿಂದ ಇನ್ನೂ ಉತ್ತರ ಬಂದಿಲ್ಲ ಎಂಬುದನ್ನೂ ಸೇರಿಸಿಯೇ ಹೇಳುತ್ತೇವೆ.

ನಿಮ್ಮ ಅಕೌಂಟ್ ಮ್ಯಾನೇಜರ್ ಭಾನುವಾರ ಫೋನ್ ಮಾಡಿ ‘ಏನೂ ಆಗಿಲ್ಲ ಮೇಡಂ, ಸುಮ್ನೆ ಟೆನ್ಶನ್ ತಗೋಬೇಡಿ’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಅದೇ ಮಾತನ್ನು ಲೆಟರ್‌ಹೆಡ್ಡಿನ ಮೇಲೆ ಬರೆದು, ಸಹಿ ಹಾಕಿ ಕಳಿಸಲು ಹೇಳಿ. ನಾಳೆ ಮಂಗಳವಾರ ಸಂಜೆ 4ಕ್ಕೆ ಕಾಲ್ ಇಟ್ಟುಕೊಳ್ಳೋಣ. ಸೇಲ್ಸ್‌ನವರು ಬೇಡ, ಲಾಗ್ ಓದಬಲ್ಲವರು ಒಬ್ಬರು ಇದ್ದರೆ ಸಾಕು.

ಇಂತಿ,
ಐಟಿ ವಿಭಾಗದ ಮುಖ್ಯಸ್ಥೆ
(ಲ್ಯಾಬ್ ನಿರ್ದೇಶಕರ ಒಪ್ಪಿಗೆಯೊಂದಿಗೆ)

ಲಗತ್ತು: 212 ಸಾಲುಗಳ ಲಾಗ್ (ರೋಗಿಗಳ ಹೆಸರಿಲ್ಲ), ಸರ್ಟ್-ಇನ್ ವರದಿಯ ಪ್ರತಿ, ಫೆಬ್ರವರಿ 2ರ ಟಿಕೆಟಿನ ಪ್ರತಿ (ಕೀ ಅಳಿಸಿದ್ದೇವೆ)