ಇರು, ಇನ್ನೊಂದಿದೆ

ನಮ್ಮಮ್ಮ ಸೀನಿದರೆ ನಾಲ್ಕು ಸಲ. ಮೂರು ಒಂದರ ಹಿಂದೊಂದು ಬಂದುಬಿಡುತ್ತಿದ್ದವು. ಆಮೇಲೆ ಒಂದು ಬೆರಳು ಮೇಲೆತ್ತಿ, ಕಣ್ಣು ಅರ್ಧ ಮುಚ್ಚಿ, "ಇರು, ಇನ್ನೊಂದಿದೆ" ಅನ್ನುತ್ತಿದ್ದಳು. ನಾವು ಆಡುತ್ತಿದ್ದ ಮಾತನ್ನು ಅಲ್ಲೇ ನಿಲ್ಲಿಸಿ ಕಾಯಬೇಕು. ಹತ್ತು ಎಣಿಸುವಷ್ಟು ಹೊತ್ತಾದ ಮೇಲೆ ನಾಲ್ಕನೆಯದು ಬರುತ್ತಿತ್ತು. ಮೊದಲ ಮೂರಕ್ಕಿಂತ ಮೆತ್ತಗೆ.

ಅಮ್ಮನ ಮೂಗು ನನಗೆ ಬಂತು, ಸೀನು ಬರಲಿಲ್ಲ. ಅದು ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳಾದ ನನ್ನ ತಂಗಿ ಮಾಲಾಳಿಗೆ ಹಾಗ್ಹಾಗೇ ಇಳಿದು ಬಂತು.

ಮಾಲಾಳೂ ನಾನೂ ಮಾತು ಬಿಟ್ಟು 11 ವರ್ಷವಾಗಿತ್ತು. ಅಮ್ಮ ಬದುಕಿದ್ದಿದ್ದರೆ ಈ ಬೇಸಿಗೆಗೆ ಅವಳಿಗೆ 80 ತುಂಬುತ್ತಿತ್ತು. ಆ ದಿನ ಮನೆಯಲ್ಲಿ ಸುಮ್ನೆ ಕೂತಿರಲು ನನ್ನಿಂದ ಆಗುವುದಿಲ್ಲ ಅನ್ನಿಸಿತು. ಶಾಲೆಗೆ ರಜ ಇತ್ತು. ನಾನು ವಿಜ್ಞಾನದ ಟೀಚರ್, ರಜೆಯಲ್ಲೂ ಉತ್ತರ ಪತ್ರಿಕೆ ತಿದ್ದುವವಳು. ಈ ಸಲ ಅದನ್ನೆಲ್ಲ ಕಟ್ಟಿಟ್ಟು, ಚಿಕ್ಕವರಿದ್ದಾಗ ಅಪ್ಪ ಅಮ್ಮ ನಮ್ಮನ್ನು ಒಂದೇ ಒಂದು ಸಲ ಕರೆದುಕೊಂಡು ಹೋಗಿದ್ದ ಕೆರೆಗೆ ಹೋಗೋಣ ಅಂದುಕೊಂಡೆ. ಬಸ್ಸಿನ ವೇಳೆ ನೋಡಿದೆ, ಎರಡು ಜೊತೆ ಬಟ್ಟೆ ತುಂಬಿಕೊಂಡೆ, ಯಾರಿಗೂ ಹೇಳಲಿಲ್ಲ. ಹೇಳಿದರೆ "ಒಬ್ಬಳೇ ಯಾಕೆ?" ಅಂತ ಕೇಳುತ್ತಾರೆ. ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ.

ಕೆರೆ ಹಾಗೇ ಇತ್ತು. ದೊಡ್ಡದೇ, ಆದರೆ ಗೆಸ್ಟ್ ಹೌಸ್ ಇರುವ ಮೂಲೆಯಲ್ಲಿ ದಡ ಒಳಕ್ಕೆ ಬಾಗಿ ನೀರು ಕಿರಿದಾಗುತ್ತದೆ. ಆಚೆ ದಡ ಕಣ್ಣಿಗೆ ಕಾಣುತ್ತದೆ, ಮುಖ ಗುರುತು ಸಿಗುವುದಿಲ್ಲ. ಅಷ್ಟು ದೂರ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಮೆಟ್ಟಿಲ ಮೇಲೆ ಹೋಗಿ ಕೂತೆ. ಗಾಳಿ ಇರಲಿಲ್ಲ. ನೀರಿನ ಮೇಲೆ ಒಂದು ಸುಕ್ಕೂ ಇಲ್ಲ. ಹತ್ತಿರದಲ್ಲೇ ಒಂದು ಗುಳುಮುಳುಕ ಮರಿಗಳನ್ನು ಬೆನ್ನ ಮೇಲೆ ಹೊತ್ತು ಈಜುತ್ತಿತ್ತು. ರೆಕ್ಕೆಯ ಸಂದಿಯಿಂದ ಪಟ್ಟೆ ಪಟ್ಟೆ ತಲೆ ಎರಡು ಹೊರಗೆ ಇಣುಕುತ್ತಿದ್ದವು. ತಾಯಿ ಮುಳುಗು ಹಾಕಿದಾಗ ಎರಡೂ ಬೆಂಡಿನ ಚೂರುಗಳ ಹಾಗೆ ನೀರ ಮೇಲೆ ತೇಲಿದವು. ಅದು ಮತ್ತೆ ಮೇಲೆ ಬರುವವರೆಗೂ ಕೀಚು ಕೀಚು ಅಂತ ಒಂದೇ ಸಮ ಕೂಗು. ನಾನು ಉಸಿರು ಹಿಡಿದು ನೋಡುತ್ತಿದ್ದೆ. ಆರು ವರ್ಷದ ಮಾಲಾಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಇದೇ ದಡದಲ್ಲಿ ನಾನು ಓಡಿದ್ದೆ. ಅವಳ ಗಲ್ಲ ನನ್ನ ಹೆಗಲಿಗೆ ಟಕ್ ಟಕ್ ಅಂತ ಬಡಿಯುತ್ತಿತ್ತು.

ಆಗ ಆಚೆ ದಡದಿಂದ ಯಾರೋ ಸೀನಿದರು.

ಒಂದು. ಎರಡು. ಮೂರು.

ನಾನು ಎಣಿಸಬೇಕು ಅಂತ ಎಣಿಸಲಿಲ್ಲ. ಅಮ್ಮನ ಮನೆಯಲ್ಲಿ ಬೆಳೆದವರಿಗೆ ಅದು ತಾನಾಗೇ ಆಗುತ್ತದೆ. ಎಣಿಸುತ್ತಾ ಎಣಿಸುತ್ತಾ ಹತ್ತಕ್ಕೆ ಬಂದೆ. ನಾಲ್ಕನೆಯದು ಬಂತು. ಮೆತ್ತಗೆ.

ಬೇಸಿಗೆಯ ಬೆಳಗಿನ ಜಾವ ನೀರಿಗೆ ತಾಗಿಕೊಂಡಿರುವ ಗಾಳಿ ತಂಪಾಗಿರುತ್ತದೆ, ಅದರ ಮೇಲಿನದು ಬೆಚ್ಚಗೆ. ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ಕೆಳಗಿಳಿಯುತ್ತದೆ. ಆಚೆ ದಡದ ಪಿಸುಮಾತು ಈಚೆ ದಡದಲ್ಲಿ ಕೇಳುವುದು ಹಾಗೆ. ಎಷ್ಟೋ ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದ್ದೇನೆ. ಅದಕ್ಕೇ ನಾನು ಕೂಗಲಿಲ್ಲ. ಪಕ್ಕದಲ್ಲಿ ಕೂತವಳನ್ನು ಕರೆಯುವ ಹಾಗೆ ಕರೆದೆ.

"ಮಾಲೂ."

ಆಚೆ ಕಡೆ ತಿಳಿನೀಲಿ ಬಟ್ಟೆಯ ಒಂದು ಆಕಾರ ಎದ್ದು ನಿಂತಿತು. ತುಂಬಾ ಹೊತ್ತು ಏನೂ ಇಲ್ಲ. ನಾನು ತಪ್ಪು ಮಾಡಿದೆ, ಯಾರೋ ಬೇರೆಯವರು ಅಂದುಕೊಳ್ಳುವಷ್ಟರಲ್ಲಿ ದನಿ ಬಂತು.

"ಅಕ್ಕಾ?"

"ಹೂಂ, ನಾನೇ."

"ನೀನು ಇಲ್ಲಿಗ್ಯಾಕೆ ಬಂದೆ?"

"ನಾಳೆ ಅಮ್ಮನ ಹುಟ್ಟಿದ ದಿನ ಅಲ್ವಾ. ನೀನು?"

"ನಾನೂ ಅದಕ್ಕೇ." ಸ್ವಲ್ಪ ತಡೆದು ಹೇಳಿದಳು, "ಮಗಳು ಕ್ಯಾಂಪಿಗೆ ಹೋಗಿದಾಳೆ. ಕಾರ್ ತಗೊಂಡು ಹೊರಟುಬಿಟ್ಟೆ. ನೀನಿರ್ತೀಯ ಅಂತ ಗೊತ್ತಿದ್ರೆ ಬರ್ತಿರಲಿಲ್ಲ."

ಕೋಪದ ಮಾತಲ್ಲ ಅದು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನನಗೂ ಹಾಗೇ ಇತ್ತು, ಅದನ್ನೇ ಹೇಳಿದೆ. ಎದುರುಬದುರು ನಿಂತಿದ್ದರೆ ಇಬ್ಬರೂ ಆ ಮಾತು ಆಡುತ್ತಿರಲಿಲ್ಲ. ನಡುವೆ ನೀರು ಇದ್ದದ್ದು ಒಳ್ಳೆಯದೇ ಆಯಿತು.

"ಇರು, ನಾನೇ ಬರ್ತೀನಿ," ಅಂದೆ.

"ಬೇಡ, ನಿನ್ನ ಮಂಡಿ... ಮಂಡಿ ಹೇಗಿದೆ ಈಗ?"

"ಹಾಗೇ ಇದೆ. ಬಲಗಡೆಯಿಂದ ಬಾ, ನಾನೂ ಬರ್ತೀನಿ."

"ನಿನ್ನ ಬಲ ನಂಗೆ ಎಡ ಅಕ್ಕ."

"ದೊಡ್ಡ ಮರ ಇದ್ಯಲ್ಲ, ಆ ಕಡೆಯಿಂದ."

ನಡೆದೆ. ಕಾಲುದಾರಿ ಒಂದೊಂದು ಕಡೆ ಗಿಡಗಳ ಹಿಂದೆ ಮರೆಯಾಗುತ್ತಿತ್ತು. ಅವಳು ಕಾಣುತ್ತಿದ್ದಳು, ಕಾಣೆಯಾಗುತ್ತಿದ್ದಳು. ಮರೆಯಾದಾಗಲೆಲ್ಲ ವಾಪಸ್ ಹೋಗಿಬಿಟ್ಟಳೇನೋ ಅನ್ನಿಸುತ್ತಿತ್ತು. ಹೋಗಿದ್ದರೂ ನಾನು ಬಯ್ಯುವ ಹಾಗಿರಲಿಲ್ಲ.

ಯಾಕೆ ಅಂದರೆ, ಆಗಿದ್ದು ಇಷ್ಟು. ಅಮ್ಮ ಆಸ್ಪತ್ರೆಯಲ್ಲಿದ್ದದ್ದು ಒಂಬತ್ತು ದಿನ. ಮಾಲಾ ಆಗ ಏಳು ತಿಂಗಳ ಬಸುರಿ, ದೂರದ ಊರಿನಲ್ಲಿದ್ದಳು. ಅದಕ್ಕೆ ಮುಂಚೆ ಎರಡು ಸಲ ಹೊಟ್ಟೆಯಲ್ಲೇ ಹೋಗಿತ್ತು. ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಅಂದಿದ್ದರು. "ಅವಳಿಗೆ ಹೇಳಬೇಡ, ಗಾಬರಿ ಬಿದ್ದು ಎದ್ದು ಬಂದುಬಿಡ್ತಾಳೆ" ಅಂತ ಅಮ್ಮನೇ ನನ್ನ ಕೈ ಹಿಡಿದು ಹೇಳಿದಳು. ನಾನು ಹೇಳಲಿಲ್ಲ. ಎಲ್ಲ ಮುಗಿದ ಮೇಲೆ ಅವಳಿಗೆ ತಿಳಿಯಿತು. ಮಗು ಹುಟ್ಟಿ ಮೂರು ತಿಂಗಳಾದ ಮೇಲೆ ಮನೆಗೆ ಬಂದವಳು, ಎಲ್ಲರ ಎದುರಿಗೆ "ಅಮ್ಮನ್ನ ನೀನೊಬ್ಬಳೇ ಇಟ್ಕೊಂಡೆ" ಅಂದಳು. "ಅಮ್ಮನೇ ಹೇಳಿದ್ದು" ಅಂದೆ. ಮನೆಯಲ್ಲಿ ಎಲ್ಲರೂ ನನ್ನ ಕಡೆಗೇ ಆದರು. ಅವಳು ಮಗುವನ್ನು ಎತ್ತಿಕೊಂಡು ಹೊರಟುಹೋದಳು. ಎಲ್ಲರ ಕಣ್ಣಲ್ಲೂ ಸರಿ ನಾನೇ. ಆ ಸರಿಯನ್ನು 11 ವರ್ಷ ಹೊತ್ತುಕೊಂಡು ತಿರುಗಿದೆ.

ಮರದ ಕೆಳಗೆ ಅವಳು ಮೊದಲೇ ಬಂದು ನಿಂತಿದ್ದಳು. ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ನನ್ನ ನೆನಪಿನಲ್ಲಿ ಅವಳಿಗೆ ವಯಸ್ಸೇ ಆಗಿರಲಿಲ್ಲ. ತಬ್ಬಿಕೊಳ್ಳಲಿಲ್ಲ. ಒಂದು ಕಲ್ಲಿತ್ತು, ಇಬ್ಬರೂ ಅದರ ಎರಡು ತುದಿಗೆ ಕೂತೆವು. ಫ್ಲಾಸ್ಕಿನಲ್ಲಿ ಬಿಸಿನೀರಿತ್ತು, ಮುಚ್ಚಳಕ್ಕೆ ಹುಯ್ದು ಕೊಟ್ಟೆ. ಅವಳು ತಗೊಂಡಳು.

"ಮಾಲೂ, ನಿನಗೊಂದು ಹೇಳ್ಬೇಕು. ಕೇಳಿದ ಮೇಲೆ ನೀನು ಎದ್ದು ಹೋದ್ರೂ ಪರವಾಗಿಲ್ಲ."

ಅವಳು ನೀರಿನ ಕಡೆ ನೋಡುತ್ತಿದ್ದಳು.

"ಅಮ್ಮ ಬೇಡ ಅಂದಿದ್ದು ನಿಜ. ಆದ್ರೆ ಏಳನೇ ದಿನ ರಾತ್ರಿ ಅವಳೇ ಕೇಳಿದ್ಲು. ಮಾಲಾಗೆ ಫೋನ್ ಮಾಡು, ದನಿ ಕೇಳ್ಬೇಕು ಅಂದ್ಲು."

ಮುಚ್ಚಳ ಹಿಡಿದ ಕೈ ಅಲ್ಲೇ ನಿಂತಿತು.

"ನಾನು, ನಾಳೆ ಮಾಡೋಣ, ಅವಳು ಮಲಗಿರ್ತಾಳೆ ಅಂದೆ. ಗಂಟೆ ಒಂಬತ್ತು. ಫೋನ್ ನನ್ನ ಕೈಯಲ್ಲೇ ಇತ್ತು. ಬೆಳಿಗ್ಗೆ ಅವಳಿಗೆ ಮಾತು ನಿಂತುಹೋಗಿತ್ತು."

"ಯಾಕೆ?" ಅಂದಳು. ತುಂಬಾ ಸಣ್ಣ ದನಿ.

ಈ ಒಂದು ಪ್ರಶ್ನೆಗೆ ನಾನು ಎಷ್ಟೋ ರಾತ್ರಿ ಬೇರೆ ಬೇರೆ ಉತ್ತರ ಹೊಂದಿಸಿದ್ದೆ. ಅವಳ ಆರೋಗ್ಯಕ್ಕೆ ಅಂತ, ಅಮ್ಮನಿಗೆ ಆಯಾಸ ಆಗುತ್ತದೆ ಅಂತ. ಒಂದೂ ಬಾಯಿಗೆ ಬರಲಿಲ್ಲ.

"ನೀನು ಹುಟ್ಟಿದ ಮೇಲೆ ಅಮ್ಮ ನನಗೊಬ್ಬಳಿಗೇ ಸಿಕ್ಕಿದ್ದು ಆ ಒಂಬತ್ತು ದಿನ. ಬಿಟ್ಟುಕೊಡೋಕೆ ಮನಸ್ಸು ಬರಲಿಲ್ಲ. ನೀನು ಅಂದಿದ್ದು ಸರಿ. ನಾನೊಬ್ಬಳೇ ಇಟ್ಕೊಂಡೆ."

ಅವಳು ಎದ್ದಳು. ನೀರಿನ ಅಂಚಿಗೆ ಹೋಗಿ ನನಗೆ ಬೆನ್ನು ಹಾಕಿ ನಿಂತಳು. ಮುಚ್ಚಳದಲ್ಲಿದ್ದ ನೀರನ್ನು ಚೆಲ್ಲಿದಳು. ನಾನು ಕರೆಯಲಿಲ್ಲ. ಬಿಸಿಲು ಆಚೆ ದಡದ ಮರಗಳ ತುದಿಗೆ ಬಂದು, ಮೆಲ್ಲಗೆ ಕೊಂಬೆಗಳಿಗೆ ಇಳಿಯಿತು. ಅಷ್ಟು ಹೊತ್ತು ಅವಳು ಅಲುಗಾಡಲಿಲ್ಲ.

"ಒಂಬತ್ತು ಗಂಟೆಗೆ ನಾನು ಎದ್ದೇ ಇದ್ದೆ ಅಕ್ಕ," ಅಂದಳು ಕೊನೆಗೆ. "ದಿನಾ ಎದ್ದೇ ಇರ್ತಿದ್ದೆ. ಮಗು ಒದೀತಿತ್ತು."

"ಹೂಂ."

"ನಿನ್ನನ್ನ ಕ್ಷಮಿಸ್ತೀನೋ ಇಲ್ವೋ ನಂಗೆ ಗೊತ್ತಿಲ್ಲ."

"ಕೇಳ್ತಾ ಇಲ್ಲ."

ತಿರುಗಿದಳು. ಕಣ್ಣು ಮೂಗು ಎಲ್ಲ ಕೆಂಪಾಗಿತ್ತು. ಬಂದು ಕಲ್ಲಿನ ಮೇಲೆ ಕೂತಳು, ಈ ಸಲ ತುದಿಗಲ್ಲ.

"ಅಮ್ಮ ಏನಂದ್ಲು, ಸರಿಯಾಗಿ ಹೇಳು. ಅವಳ ಮಾತಲ್ಲೇ ಹೇಳು."

ಹೇಳಿದೆ. "ಮಾಲುಗೆ ಒಂದು ಫೋನ್ ಹಚ್ಚು. ಏನೂ ಮಾತಾಡಲ್ಲ ನಾನು. ಅವಳು ಹಲೋ ಅಂದ್ರೆ ಸಾಕು."

"ಇನ್ನೊಂದ್ಸಲ."

ಮತ್ತೆ ಹೇಳಿದೆ. ಮೂರನೇ ಸಲ ಹೇಳುವಾಗ ನನಗೆ ಅರಿವಿಲ್ಲದೆ ಅಮ್ಮನ ದನಿಯೇ ಬಂದುಬಿಟ್ಟಿತು, ಆ ಕೊನೆಯ ದಿನಗಳ ಸಣ್ಣ ದನಿ. ಮಾಲಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಕೈಯೊಳಗಿಂದಲೇ, ತುಂಬಾ ಮೆತ್ತಗೆ, "ಹಲೋ" ಅಂದಳು.

ನನಗೆ ಅಂದಿದ್ದಲ್ಲ ಅದು. ನಾನು ಓಗೊಡಲಿಲ್ಲ.

ಗುಳುಮುಳುಕ ಮರಿಗಳ ಜೊತೆ ಜೊಂಡಿನ ಹತ್ತಿರ ಬಂದಿತ್ತು. ಮಾಲಾ ಮುಖ ಒರೆಸಿಕೊಂಡು ಅದನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಅವಳ ಮೂಗು ಸೊಟ್ಟಗಾಯಿತು. ಒಂದು, ಎರಡು, ಮೂರು. ಹಕ್ಕಿ ಬೆದರಿ ಮುಳುಗಿತು. ಮರಿಗಳು ನೀರ ಮೇಲೆ ಉಳಿದವು.

ಏನೋ ಹೇಳಲು ಬಾಯಿ ತೆರೆದಿದ್ದೆ. ಅವಳು ಒಂದು ಬೆರಳು ಮೇಲೆತ್ತಿದಳು, ಕಣ್ಣು ಅರ್ಧ ಮುಚ್ಚಿ. ಇನ್ನೊಂದು ಕೈ ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತ್ತು.

ಇಬ್ಬರೂ ಕಾಯುತ್ತಾ ಕೂತೆವು.