ನಾಯಿ ಕಚ್ಚಿದರೆ ಮೊದಲು ಸೋಪು, ನೀರು

(ರೇಬೀಸ್ ಜಾಗೃತಿ ಸ್ಲೈಡ್‌ಗಳಿಂದ ರೂಪಿಸಿದ ಬಾನುಲಿ ಪ್ರಕಟಣೆ. ಅವಧಿ: ಸುಮಾರು ಮೂರು ನಿಮಿಷ. ನಿರೂಪಕಿ ನಿಧಾನವಾಗಿ ಓದಬೇಕು. "15 ನಿಮಿಷ" ಎಂಬಲ್ಲಿ ಒತ್ತು ಇರಲಿ.)

[ನಾಯಿ ಬೊಗಳುವ ಸದ್ದು. ಹುಡುಗ ಓಡಿಬರುವ ಹೆಜ್ಜೆ ಸಪ್ಪಳ.]

ತಾಯಿ: ಯಾಕೋ ಅಳುತ್ತಿದ್ದೀಯ? ಕಾಲಿಗೇನಾಯಿತು?

ಹುಡುಗ: ನಾಯಿಮರಿ ಕಚ್ಚಿತಮ್ಮ. ಸ್ವಲ್ಪವೇ. ಬೈಯಬೇಡ.

ತಾಯಿ: ರಕ್ತವೇನೂ ಹೆಚ್ಚು ಬಂದಿಲ್ಲ. ಇರು, ಖಾರದ ಪುಡಿ ಹಚ್ಚುತ್ತೇನೆ.

ಆರೋಗ್ಯ ಕಾರ್ಯಕರ್ತೆ: ಬೇಡ ತಂಗಿ, ಖಾರ ಮುಟ್ಟಿಸಬೇಡ! ಬೇಗ ಸೋಪು ತೆಗೆದುಕೊಂಡು ಬಾ. ನಾನು ನೀರು ಹುಯ್ಯುತ್ತೇನೆ.

[ನೀರು ಸುರಿಯುವ ಸದ್ದು. ಹಿನ್ನೆಲೆಯಲ್ಲಿ ಮುಂದುವರಿಯಲಿ.]

ನಿರೂಪಕಿ: ಕೇಳುಗರೇ, ನಾಯಿ ಕಚ್ಚಿದ ಗಾಯವನ್ನು ಹೀಗೆ ಸುರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಹೌದು, ಪೂರ್ತಿ 15 ನಿಮಿಷ. ಮಗು ಉರಿ ಎಂದು ಕೊಸರಾಡಬಹುದು, ನಿಮಗೂ ಸಾಕೆನಿಸಬಹುದು. ನಿಲ್ಲಿಸಬೇಡಿ. ರೇಬೀಸ್ ರೋಗದ ವೈರಸ್ ನಾಯಿಯ ಜೊಲ್ಲಿನಲ್ಲಿರುತ್ತದೆ. ಗಾಯದೊಳಗೆ ಸೇರಿದ ಜೊಲ್ಲನ್ನು ಸೋಪು, ನೀರು ತೊಳೆದು ಹಾಕುತ್ತವೆ. ಖಾರ, ಸುಣ್ಣ, ಸೊಪ್ಪಿನ ರಸ ಯಾವುದನ್ನೂ ಹಚ್ಚಬೇಡಿ. ಗಾಯ ಕೆರಳುತ್ತದೆಯೇ ಹೊರತು ವೈರಸ್ ಸಾಯುವುದಿಲ್ಲ.

ತಾಯಿ: ಅಕ್ಕ, ತೊಳೆದಾಯಿತಲ್ಲ. ಇನ್ನು ಆಸ್ಪತ್ರೆಗೆ ಹೋಗಲೇಬೇಕೇ? ಅದು ಪುಟ್ಟ ಮರಿ, ಚೆನ್ನಾಗಿಯೇ ಓಡಾಡುತ್ತಿದೆ.

ಆರೋಗ್ಯ ಕಾರ್ಯಕರ್ತೆ: ಮರಿಯಿಂದಲೂ ರೇಬೀಸ್ ಬರುತ್ತದೆ. ಈಗಲೇ ಹೊರಡು, ನಾನೂ ಬರುತ್ತೇನೆ.

ತಾಯಿ: ಹೊಟ್ಟೆಯ ಮೇಲೆ ಹದಿನಾಲ್ಕು ಸೂಜಿ ಚುಚ್ಚುತ್ತಾರಂತೆ...

ಆರೋಗ್ಯ ಕಾರ್ಯಕರ್ತೆ: ಅದು ಹಳೆಯ ಕಾಲದ ಮಾತು. ಈಗ ತೋಳಿಗೆ ಕೆಲವೇ ಸೂಜಿ. ತೀರಾ ಚಿಕ್ಕ ಮಕ್ಕಳಿಗೆ ತೊಡೆಗೆ ಕೊಡುತ್ತಾರೆ.

[ನೀರಿನ ಸದ್ದು ನಿಲ್ಲುತ್ತದೆ.]

ನಿರೂಪಕಿ: ರೇಬೀಸ್ ಲಕ್ಷಣಗಳು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಲ್ಲಿ ಕಾಣಿಸಿಕೊಳ್ಳುತ್ತವೆ, ಕೆಲವೊಮ್ಮೆ ಒಂದೇ ವಾರದಲ್ಲಿ, ಕೆಲವೊಮ್ಮೆ ವರ್ಷದ ಮೇಲೂ. ಅಷ್ಟರಲ್ಲಿ ಗಾಯ ಮಾಯ್ದು ಮರೆತೇ ಹೋಗಿರುತ್ತದೆ. ಆದರೆ ನೀರು ಕಂಡರೆ ಹೆದರುವುದು, ಗುಟುಕು ನುಂಗಲಾಗದೆ ಒದ್ದಾಡುವುದು ಶುರುವಾದ ಮೇಲೆ ಜೀವ ಉಳಿಯುವುದು ತೀರಾ ಅಪರೂಪ. ತಡಮಾಡದೆ ಹಾಕಿಸಿದ ಲಸಿಕೆ ಈ ರೋಗವನ್ನು ತಡೆಯುತ್ತದೆ. ರಕ್ತ ಬಂದಿದ್ದರೆ ಗಾಯದ ಸುತ್ತ ಬೇರೊಂದು ಚುಚ್ಚುಮದ್ದೂ ಬೇಕಾಗುತ್ತದೆ. ವೈದ್ಯರು ಕೊಡುತ್ತಾರೆ, ಬೇಡವೆನ್ನಬೇಡಿ.

ತಾಯಂದಿರೇ, ತಂದೆಯಂದಿರೇ, ನಾಯಿಯ ಕಡಿತಕ್ಕೆ ಸಿಗುವವರಲ್ಲಿ ಬಹಳಷ್ಟು ಮಂದಿ ಮಕ್ಕಳು. ಬೈಗುಳಕ್ಕೆ ಹೆದರಿ ಅವರು ಗಾಯವನ್ನು ಬಟ್ಟೆಯಡಿ ಮುಚ್ಚಿಡುತ್ತಾರೆ. ದಯವಿಟ್ಟು ಬೈಯಬೇಡಿ. "ನಾಯಿ ಪರಚಿದರೂ ನನಗೆ ಹೇಳು, ನಾನು ಸಿಟ್ಟಾಗುವುದಿಲ್ಲ" ಎಂದು ಇವತ್ತೇ ಹೇಳಿಡಿ.

ಹುಡುಗ: ಅಮ್ಮ, ಇನ್ನೊಂದು ಸೂಜಿಗೆ ಯಾವಾಗ ಹೋಗಬೇಕು?

ತಾಯಿ: ಚೀಟಿಯಲ್ಲಿ ತಾರೀಖು ಬರೆದುಕೊಟ್ಟಿದ್ದಾರೆ ಮಗನೇ. ಗಾಯ ವಾಸಿಯಾದರೂ ಒಂದನ್ನೂ ತಪ್ಪಿಸುವುದಿಲ್ಲ.

ನಿರೂಪಕಿ: ನಾಯಿ, ಬೆಕ್ಕು, ಕೋತಿ ಯಾವುದೇ ಕಚ್ಚಲಿ, ಪರಚಲಿ: ಸೋಪು, ನೀರು, 15 ನಿಮಿಷ. ಆಮೇಲೆ ನೇರ ಆಸ್ಪತ್ರೆಗೆ, ಅದೇ ದಿನ.

[ಸಂಕೇತ ಸಂಗೀತ.]