ಸುಹಾಸ್ ಅವರಿಗೆ, ಸಮಾಧಾನವಾಗಿ ಓದಬೇಕಾದ ಒಂದು ಮಾತು

ಪ್ರಿಯ ಸುಹಾಸ್ ಅವರೇ,

ಈ ಸಂದೇಶ ಎಂದಿನದಕ್ಕಿಂತ ಉದ್ದವಾಗಿದೆ. ಪ್ರೆಸ್ಸಿನ ಕೆಲಸ ಮುಗಿಸಿ ಮನೆಗೆ ಹೋದ ಮೇಲೆ, ಊಟವಾದ ನಂತರ ಓದಿ. ಅವಸರದಲ್ಲಿ ಓದಬೇಕಾದ ಮಾತಲ್ಲ.

ಹುಬ್ಬಳ್ಳಿಯ ಮದುವೆ ಮನೆಯಲ್ಲಿ ನಾವು ಪರಿಚಯವಾಗಿ ಇಂದಿಗೆ ಒಂಬತ್ತು ವಾರಗಳಾದವು. ಅಂದು ಪಂಕ್ತಿಯಲ್ಲಿ ಪಕ್ಕಪಕ್ಕ ಕುಳಿತಾಗ ನಾನು ಎಣ್ಣೆಗಾಯಿಯ ಬಗ್ಗೆ "ಅಡ್ಡಿಯಿಲ್ಲ" ಎಂದದ್ದಕ್ಕೆ, ನಿಮಗೆ ಹಿಡಿಸಲಿಲ್ಲವೇ ಎಂದು ನೀವು ಕೇಳಿದಿರಿ. ನಮ್ಮ ಧಾರವಾಡದ ಕಡೆ ಆ ಮಾತು ಮೆಚ್ಚುಗೆಗೂ ಸಲ್ಲುತ್ತದೆ ಎಂದು ನಾನು ವಿವರಿಸಿದೆ. ಅಲ್ಲಿ ಶುರುವಾದ ಮಾತು ಮರುದಿನ ಫೋನಿನಲ್ಲಿ ಮುಂದುವರಿಯಿತು. ಅದಾದ ಮೇಲೆ ನಾವು ಮುಖಾಮುಖಿ ಭೇಟಿಯಾದದ್ದು ಒಂದೇ ಸಲ, ನೀವು ಕಾಗದ ಖರೀದಿಗೆಂದು ಬಂದಾಗ ಸಾಧನಕೇರಿಯಲ್ಲಿ. ಆದರೂ ಈಗ ನನ್ನ ದಿನದಲ್ಲಿ ಏನೇ ನಡೆದರೂ ಅದನ್ನು ರಾತ್ರಿ ನಿಮಗೆ ಹೇಳುವವರೆಗೆ ಆ ದಿನ ಮುಗಿದಂತೆ ಅನ್ನಿಸುವುದಿಲ್ಲ.

ನನಗೆ ಇದು ಸ್ಪಷ್ಟವಾದದ್ದು ಅವ್ವನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ದಿನಗಳಲ್ಲಿ. ಬಂಧುಗಳೆಲ್ಲ ಪ್ರೀತಿಯಿಂದಲೇ "ಜೋಪಾನ" ಎಂದು ಹೇಳಿ ಸುಮ್ಮನಾದರು, ಅದರಲ್ಲಿ ತಪ್ಪೇನೂ ಇಲ್ಲ. ನೀವು ಮಾತ್ರ ದಿನವೂ ಸಂಜೆ, ಹನಿ ಹಾಕಿದಿರಾ, ಅವ್ವ ಬಗ್ಗಿ ಕೆಲಸ ಮಾಡುತ್ತಿಲ್ಲ ತಾನೇ, ರಾತ್ರಿ ಕಣ್ಣಿಗೆ ರಕ್ಷೆ ಕಟ್ಟಿ ಮಲಗಿದರೇ ಎಂದು ಕೇಳುತ್ತಿದ್ದಿರಿ. ಎರಡು ಬಗೆಯ ಹನಿಗಳ ನಡುವೆ ಸ್ವಲ್ಪ ಹೊತ್ತು ಬಿಡಬೇಕೆಂದು ವೈದ್ಯರು ಹೇಳಿದ್ದನ್ನು ನಾನು ಒಮ್ಮೆ ಬರೆದಿದ್ದೆನಷ್ಟೇ. ಆ ಬಿಡುವಿನ ವೇಳೆಯಲ್ಲಿ ಅವ್ವನ ಪಕ್ಕ ಕುಳಿತು ಬೇಸರಪಡಬಾರದೆಂದು, ಸರಿಯಾಗಿ ಅದೇ ಹೊತ್ತಿಗೆ ನೀವು ನಿಮ್ಮ ತಂದೆಯವರ ಕಾಲದ ಅಚ್ಚುಮೊಳೆಗಳ ಕಥೆಗಳನ್ನು ಧ್ವನಿಮುದ್ರಿಸಿ ಕಳಿಸುತ್ತಿದ್ದಿರಿ. ಕೊನೆಕೊನೆಗೆ ಅವ್ವನೇ "ಮೈಸೂರಿನವರ ಕಥೆ ಬಂತೇನು?" ಎಂದು ಕೇಳತೊಡಗಿದರು. ನನ್ನ ಮನೆಯ ಚಿಂತೆಯನ್ನು ಯಾರೂ ಹೀಗೆ ತಮ್ಮದಾಗಿಸಿಕೊಂಡಿರಲಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ನನಗೆ ನಿಮ್ಮ ಮೇಲೆ ಪ್ರೀತಿ ಮೂಡಿದೆ. ನಾವು ಸ್ನೇಹಿತರಾಗಿ ಉಳಿಯುವುದಷ್ಟೇ ಅಲ್ಲದೆ, ಇನ್ನು ಮುಂದೆ ಒಂದು ಜೋಡಿಯಾಗಿ, ಒಬ್ಬರಿಗೊಬ್ಬರು ಸಂಗಾತಿಯಾಗಿ ಇರೋಣವೇ? ನಿಮಗೂ ಈ ಇಷ್ಟವಿದೆಯೇ?

ಇದರಿಂದ ನಾನು ಏನನ್ನು ಬಯಸುತ್ತೇನೆ ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮಿಬ್ಬರ ಮನಸ್ಸಿನಲ್ಲಿ ಮೂರನೆಯವರಿಗೆ ಈ ಜಾಗ ಇರಬಾರದು. ತಿಂಗಳಿಗೊಮ್ಮೆಯಾದರೂ, ಒಮ್ಮೆ ನಾನು ರಾತ್ರಿ ರೈಲಿನಲ್ಲಿ ಮೈಸೂರಿಗೆ ಬಂದು, ಇನ್ನೊಮ್ಮೆ ನೀವು ಇಲ್ಲಿಗೆ ಬಂದು, ಭೇಟಿಯಾಗಬೇಕು. ಮದುವೆಯ ಮಾತನ್ನು ಇಂದೇ ಆಡಬೇಕೆಂದು ನಾನು ಒತ್ತಾಯಿಸುವುದಿಲ್ಲ, ಆದರೆ ಕಾಲ ಕಳೆಯುವುದಕ್ಕಾಗಿಯೂ ಕೇಳುತ್ತಿಲ್ಲ. ಒಂದು ವರ್ಷ ಒಬ್ಬರನ್ನೊಬ್ಬರು ಹತ್ತಿರದಿಂದ ಅರಿತು, ಆಮೇಲೆ ಎರಡೂ ಮನೆಯವರನ್ನು ಕೂರಿಸಿ ಮಾತಾಡುವ ಧೈರ್ಯ ನಮಗೆ ಬರಲಿ ಎಂಬುದು ನನ್ನ ಆಸೆ. ಅವ್ವ ನನ್ನೊಂದಿಗೇ ಇರುತ್ತಾರೆ, ಕಾಲೇಜಿನ ಕೆಲಸವನ್ನು ನಾನು ಬಿಡುವುದಿಲ್ಲ. ನಿಮಗೂ ಪ್ರೆಸ್ಸನ್ನು ಬಿಟ್ಟು ಬರಲಾಗುವುದಿಲ್ಲ ಎಂದು ನನಗೆ ಗೊತ್ತು. ಈ ಊರುಗಳ ದೂರಕ್ಕೆ ನನ್ನ ಬಳಿ ಇನ್ನೂ ಉತ್ತರವಿಲ್ಲ, ಅದನ್ನು ಇಬ್ಬರೂ ಕೂಡಿ ಹುಡುಕಬೇಕು.

ನಿಮ್ಮ ಮನಸ್ಸು ಬೇರೆಯಾಗಿದ್ದರೆ ದಯವಿಟ್ಟು ಸಂಕೋಚಪಡದೆ ಹಾಗೆಯೇ ಹೇಳಿ. ನನಗೆ ನೋವಾಗುತ್ತದೆ, ಕೆಲವು ದಿನ ಮಾತು ಕಡಿಮೆ ಮಾಡುತ್ತೇನೆ, ಆದರೆ ನಿಮ್ಮ ಮೇಲೆ ಮುನಿಸಿರುವುದಿಲ್ಲ, ಮತ್ತೆ ಮತ್ತೆ ಕೇಳಿ ಪೀಡಿಸುವುದೂ ಇಲ್ಲ. ಯೋಚಿಸಲು ಸಮಯ ಬೇಕಿದ್ದರೆ, "ಓದಿದೆ, ಸಮಯ ಬೇಕು" ಎಂದು ಒಂದು ಸಾಲು ಬರೆದರೆ ಸಾಕು, ಕಾಯುತ್ತೇನೆ. ಕೇವಲ ನನಗೆ ಬೇಸರವಾಗಬಾರದೆಂದು ಒಪ್ಪಿಕೊಳ್ಳಬೇಡಿ. ಒಪ್ಪಿಗೆಯಿದ್ದರೆ ನಮ್ಮ ಕಡೆಯ "ಅಡ್ಡಿಯಿಲ್ಲ" ಬೇಡ, ನಿಮ್ಮ ಮೈಸೂರಿನ ಬಿಡಿಸಿದ "ಹೌದು" ಬೇಕು.

ಇನ್ನೊಂದು ಸಣ್ಣ ಮಾತು. ಒಂಬತ್ತು ವಾರಗಳಿಂದ ನಾವಿಬ್ಬರೂ "ನೀವು" ಎಂದೇ ಕರೆದುಕೊಂಡಿದ್ದೇವೆ, ಆ ಗೌರವ ನನಗೆ ಬಹಳ ಹಿತವಾಗಿದೆ. ಆದರೂ ಎಷ್ಟೋ ಸಲ ನಿಮಗೆ ಬರೆಯುವಾಗ "ನೀನು" ಎಂದು ಬೆರಳು ತಾನಾಗಿ ಒತ್ತಿದ್ದನ್ನು ಅಳಿಸಿ ತಿದ್ದಿದ್ದೇನೆ. ನಿಮ್ಮ ಉತ್ತರ ಹೌದು ಎಂದಾದರೆ, ಮೊದಲು ನೀವೇ ನನ್ನನ್ನು "ನೀನು" ಎಂದು ಕರೆಯಿರಿ. ನಾನು ಆಮೇಲೆ ಕರೆಯುತ್ತೇನೆ.

ಮುಂದಿನ ಶನಿವಾರಕ್ಕೆ ಉತ್ತರಪತ್ರಿಕೆಗಳ ಕೆಲಸ ಮುಗಿಯುತ್ತದೆ. ನೀವು ಬಾ ಎಂದರೆ ಅಂದು ರಾತ್ರಿಯೇ ಹೊರಟು, ಭಾನುವಾರ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ನಿಮ್ಮೊಡನೆ ನಡೆಯಲು ಬರುತ್ತೇನೆ. ಅವ್ವ ಫೇಡೆ ಕೊಟ್ಟು ಕಳಿಸುವುದಾಗಿ ಈಗಾಗಲೇ ಹೇಳಿದ್ದಾರೆ.

ನಿಮ್ಮ,
ವೈಶಾಲಿ